ಒಂದು ಚೂಪು ಶಿಖರದ ಅನುಕಲನ: ಸಿಂಪ್ಸನ್ನೋ, ಗೌಸ್-ಕ್ರೋನ್‌ರಾಡೋ, ಮೊದಲೇ ಜಾಗ ಹೇಳೋದೋ?

ಯುರೇನಿಯಂ-238 ಪರಮಾಣುವಿಗೆ ಒಂದು ವಿಚಿತ್ರ ಚಟ ಇದೆ. ನ್ಯೂಟ್ರಾನಿನ ಶಕ್ತಿ 6.67 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಬಂದರೆ ಗಬಕ್ಕನೆ ನುಂಗಿಬಿಡುತ್ತದೆ. ಸ್ವಲ್ಪ ಆಚೆ ಈಚೆ ಇದ್ದರೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಈ ಶಿಖರದ ಪೂರ್ತಿ ಅಗಲ ಸುಮಾರು 0.025 ಎಲೆಕ್ಟ್ರಾನ್ ವೋಲ್ಟ್, ಅಷ್ಟೇ. ಕೈಗಾದ ರಿಯಾಕ್ಟರುಗಳು ಓಡುವುದು ನೈಸರ್ಗಿಕ ಯುರೇನಿಯಂ ಮೇಲೆ. ಅದರಲ್ಲಿ 99 ಭಾಗಕ್ಕಿಂತ ಜಾಸ್ತಿ ಇರುವುದು ಈ 238ನೇ. ಹಾಗಾಗಿ ನ್ಯೂಟ್ರಾನ್ ಲೆಕ್ಕ ಹಾಕುವವರು ಈ ಶಿಖರದ ಕೆಳಗಿನ ವಿಸ್ತೀರ್ಣವನ್ನು ಸುಮ್ನೆ ಬಿಡುವ ಹಾಗಿಲ್ಲ.

ಇಲ್ಲಿ ಭೌತಶಾಸ್ತ್ರವನ್ನು ಒಂದು ಕಡೆ ಇಟ್ಟು ಬರೀ ಆಕಾರ ತೆಗೆದುಕೊಳ್ಳೋಣ. ಎತ್ತರ 1, ನಡು 6.67, ಅರ್ಧ ಅಗಲ 0.0125, ವ್ಯಾಪ್ತಿ 0ಯಿಂದ 16.

```python
g = 0.0125
def f(E):
    return 1 / (1 + ((E - 6.67)/g)**2)
```

ಇದಕ್ಕೆ `atan` ಹಾಕಿ ನೇರ ಉತ್ತರ ತೆಗೆಯಬಹುದು: 0.0392297. ನಿಜವಾದ ಉತ್ತರ ಕೈಯಲ್ಲಿರುವುದರಿಂದ ಯಾವ ವಿಧಾನ ಎಲ್ಲಿ ಎಡವುತ್ತದೆ ಅಂತ ಚೆನ್ನಾಗಿ ನೋಡಬಹುದು.

ಆಯ್ಕೆಗಳು ನಾಲ್ಕು. ಎಲ್ಲ ಕಡೆ ಒಂದೇ ಅಂತರದ ಸಿಂಪ್ಸನ್. ಬೇಕಾದ ಕಡೆ ಮಾತ್ರ ತುಂಡು ಮಾಡುತ್ತಾ ಹೋಗುವ ರಿಕರ್ಸಿವ್ ಸಿಂಪ್ಸನ್. ಲೈಬ್ರರಿಗಳಲ್ಲಿ ಬರುವ ಗೌಸ್-ಕ್ರೋನ್‌ರಾಡ್. ಕೊನೆಯದು, ಶಿಖರ ಎಲ್ಲಿದೆ ಅಂತ ನಾವೇ ಮೊದಲು ಹೇಳಿ ಆಮೇಲೆ ಇವುಗಳಲ್ಲಿ ಯಾವುದನ್ನಾದರೂ ಓಡಿಸುವುದು.

ಒಂದೇ ಅಂತರದ ಸಿಂಪ್ಸನ್

ಇದನ್ನು ಬೇಗ ಮುಗಿಸೋಣ. ಶಿಖರ ಸರಿಯಾಗಿ ಕಾಣಬೇಕಾದರೆ ಬಿಂದುಗಳ ನಡುವಿನ ಅಂತರ ಅರ್ಧ ಅಗಲಕ್ಕಿಂತ ಸಾಕಷ್ಟು ಚಿಕ್ಕದಿರಬೇಕು. ಅದರ ಕಾಲು ಭಾಗ ಅಂದುಕೊಂಡರೆ 16ನ್ನು 0.003125ರಿಂದ ಭಾಗಿಸಿ 5120 ತುಂಡು. ಇದರಲ್ಲಿ ಐದು ಸಾವಿರದಷ್ಟು ಬಿಂದುಗಳು ಏನೂ ನಡೆಯದ ಬಯಲಿನಲ್ಲಿ ಬೀಳುತ್ತವೆ. ಫಂಕ್ಷನ್ ಮೇಲಿನ ಹಾಗೆ ಒಂದು ಸಾಲಿನದಾದರೆ ಕಂಪ್ಯೂಟರಿಗೆ ಇದೇನೂ ಭಾರವಲ್ಲ. ನಿಜ ಹೇಳಬೇಕೆಂದರೆ ಒಂದೇ ಸಲ ಮಾಡುವ ಲೆಕ್ಕಕ್ಕೆ ನಾನೂ ಎಷ್ಟೋ ಸಲ ಹೀಗೇ ಮಾಡಿ ಎದ್ದು ಹೋಗಿದ್ದೇನೆ. ಅದೇ ಫಂಕ್ಷನ್ನಿನ ಒಳಗೆ ಇನ್ನೊಂದು ಲೆಕ್ಕ ಓಡುತ್ತಿದ್ದು, ಒಂದೊಂದು ಬಿಂದುವಿಗೂ ಎರಡು ಸೆಕೆಂಡು ಹಿಡಿಯುತ್ತದೆ ಅಂದುಕೊಳ್ಳಿ. ಆಗ ಇದು ಮೂರು ಗಂಟೆಯ ಹತ್ತಿರದ ಕೆಲಸ.

ಒಂದು ವಿಷಯ ಮಾತ್ರ ನೆನಪಿರಲಿ. ಈ ವಿಧಾನ ಮೋಸ ಹೋಗುವುದು ಕಷ್ಟ. ಅಂತರ ಶಿಖರಕ್ಕಿಂತ ಚಿಕ್ಕದಿದ್ದರೆ ಶಿಖರ ಸಿಕ್ಕೇ ಸಿಗುತ್ತದೆ. ಕೊನೆಯಲ್ಲಿ ಈ ಮಾತಿಗೆ ಮತ್ತೆ ಬರಬೇಕಾಗುತ್ತದೆ.

ರಿಕರ್ಸಿವ್ ಸಿಂಪ್ಸನ್: ಹೇಗೆ ಕೆಲಸ ಮಾಡುತ್ತದೆ

ಒಂದು ತುಂಡು ತೆಗೆದುಕೊಳ್ಳಿ. ಎರಡು ತುದಿ ಮತ್ತು ನಡು, ಈ ಮೂರು ಬಿಂದುವಿನಿಂದ ಸಿಂಪ್ಸನ್ ಸೂತ್ರ ಹಾಕಿದರೆ ಒಂದು ಉತ್ತರ, S1. ಅದೇ ತುಂಡನ್ನು ಅರ್ಧ ಮಾಡಿ ಎರಡೂ ಅರ್ಧಕ್ಕೆ ಸಿಂಪ್ಸನ್ ಹಾಕಿ ಕೂಡಿದರೆ ಇನ್ನೊಂದು ಉತ್ತರ, S2. ಎರಡಕ್ಕೂ ಸೇರಿ ಬೇಕಾಗುವುದು ಐದೇ ಬಿಂದು.

ಫಂಕ್ಷನ್ ನುಣುಪಾಗಿದ್ದರೆ, ಅರ್ಧ ಮಾಡಿದಾಗ ತಪ್ಪು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ S1ರಲ್ಲಿ ತಪ್ಪು 16 ಪಾಲು ಇದ್ದರೆ S2ರಲ್ಲಿ ಒಂದು ಪಾಲು. ಎರಡರ ವ್ಯತ್ಯಾಸ 15 ಪಾಲು. ಹಾಗಾಗಿ `(S2 - S1)/15` ಅನ್ನುವುದು S2ರಲ್ಲಿ ಉಳಿದ ತಪ್ಪಿನ ಅಂದಾಜು. ಅದು ಟಾಲರೆನ್ಸಿಗಿಂತ ಚಿಕ್ಕದಿದ್ದರೆ ಆ ತುಂಡು ಮುಗಿಯಿತು. ದೊಡ್ಡದಿದ್ದರೆ ಎರಡೂ ಅರ್ಧಕ್ಕೆ ಅರ್ಧರ್ಧ ಟಾಲರೆನ್ಸ್ ಹಂಚಿ ಇದೇ ಕೆಲಸವನ್ನು ಮತ್ತೆ ಮಾಡುವುದು.

```python
def simp(f, a, fa, m, fm, b, fb, S, tol, d):
    l, r = (a+m)/2, (m+b)/2
    fl, fr = f(l), f(r)
    SL = (m-a)/6 * (fa + 4*fl + fm)
    SR = (b-m)/6 * (fm + 4*fr + fb)
    e = (SL + SR - S) / 15
    if abs(e) <= tol or d == 0:
        return SL + SR + e
    return (simp(f, a, fa, l, fl, m, fm, SL, tol/2, d-1)
          + simp(f, m, fm, r, fr, b, fb, SR, tol/2, d-1))
```

ಹಳೆಯ ಬಿಂದುಗಳ ಬೆಲೆಯನ್ನು ಕೆಳಗೆ ಕಳಿಸುತ್ತಿರುವುದನ್ನು ಗಮನಿಸಿ. ಅದರಿಂದಾಗಿ ಒಂದು ತುಂಡನ್ನು ಒಡೆದರೆ ಹೊಸದಾಗಿ ಬೇಕಾಗುವುದು ನಾಲ್ಕೇ ಬಿಂದು, ಒಂದೊಂದು ಅರ್ಧಕ್ಕೆ ಎರಡರಂತೆ. ಈ ಉಪಾಯ ಹೊಸದೇನಲ್ಲ. 1962ರಲ್ಲೇ ಇದು ಆಲ್ಗಾರಿದಮ್ ಆಗಿ ಅಚ್ಚಾಗಿತ್ತು.

ಐದು ಬಿಂದುವಿನ ಮೋಸ

ಈಗ ನಮ್ಮ ಶಿಖರದ ಮೇಲೆ ಇದನ್ನು ಓಡಿಸೋಣ. ಟಾಲರೆನ್ಸ್ 0.0001 ಇರಲಿ. ಉತ್ತರ 0.04 ಆಸುಪಾಸಿನಲ್ಲಿ ಇರುವಾಗ ಇದು ಅಂಥ ಸಡಿಲವೇನೂ ಅಲ್ಲ.

ಮೊದಲ ಐದು ಬಿಂದುಗಳು 0, 4, 8, 12, 16. ಶಿಖರಕ್ಕೆ ಹತ್ತಿರದ್ದು 8. ಅದೂ 1.33ರಷ್ಟು ದೂರ, ಅಂದರೆ ಅರ್ಧ ಅಗಲದ ನೂರು ಪಟ್ಟಿಗಿಂತ ಜಾಸ್ತಿ. ಅಲ್ಲಿ ಫಂಕ್ಷನ್ನಿನ ಬೆಲೆ 0.000088. ಉಳಿದ ನಾಲ್ಕು ಕಡೆ ಇನ್ನೂ ಕಡಿಮೆ. S1 ಬರುವುದು 0.000956, S2 ಬರುವುದು 0.000389. ವ್ಯತ್ಯಾಸವನ್ನು 15ರಿಂದ ಭಾಗಿಸಿದರೆ 0.000038. ಟಾಲರೆನ್ಸಿಗಿಂತ ಕಡಿಮೆ. ಮುಗೀತು!

ಪ್ರೋಗ್ರಾಂ ಕೊಡುವ ಉತ್ತರ 0.00035. ನಿಜವಾದ ಉತ್ತರ 0.0392. ನೂರಕ್ಕೂ ಹೆಚ್ಚು ಪಟ್ಟು ವ್ಯತ್ಯಾಸ. ತಪ್ಪು ಎಷ್ಟಿರಬಹುದು ಅಂತ ಅದನ್ನೇ ಕೇಳಿದರೆ 0.00004 ಅನ್ನುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ತಪ್ಪಿನ ಅಂದಾಜಿನಲ್ಲಿ ಬಗ್ ಏನೂ ಇಲ್ಲ ಅನ್ನುವುದೇ ಇಲ್ಲಿನ ತಮಾಷೆ. ಅದಕ್ಕೆ ಗೊತ್ತಿರುವುದು ಐದು ಸಂಖ್ಯೆ ಮಾತ್ರ. ಆ ಐದು ಸಂಖ್ಯೆಗಳನ್ನು ಕೊಟ್ಟು ನಮ್ಮನ್ನು ಕೇಳಿದರೂ ನಾವು ಹೆಚ್ಚು ಕಡಿಮೆ ಅದನ್ನೇ ಹೇಳುತ್ತಿದ್ದೆವು. 15 ಅನ್ನುವ ಭಾಜಕ ಬಂದದ್ದು "ಅರ್ಧ ಮಾಡಿದರೆ ತಪ್ಪು 16ರಲ್ಲಿ ಒಂದಾಗುತ್ತದೆ" ಅನ್ನುವ ನಂಬಿಕೆಯ ಮೇಲೆ. ತುಂಡು ಶಿಖರಕ್ಕಿಂತ ನೂರಾರು ಪಟ್ಟು ದೊಡ್ಡದಿರುವಾಗ ಆ ನಂಬಿಕೆಗೆ ಆಧಾರವೇ ಇಲ್ಲ.

ಈಗ ಟಾಲರೆನ್ಸನ್ನು 0.000001ಕ್ಕೆ ಇಳಿಸಿ. ಈ ಸಲ ಅದು ನಿಲ್ಲದೆ ಕೆಳಗೆ ಇಳಿಯುತ್ತದೆ. ಶಿಖರ ಇರುವ ಕಡೆಯ ತುಂಡನ್ನೇ ಹಿಡಿದು ಹೋದರೆ ತಪ್ಪಿನ ಅಂದಾಜು ಹೀಗೆ ಬರುತ್ತದೆ:

```
[0, 16]   0.000038
[0, 8]    0.000053
[4, 8]    0.000083
[6, 8]    0.000149
[6, 7]    0.000360
```

ತುಂಡು ಚಿಕ್ಕದಾಗುತ್ತಾ ಹೋದಂತೆ ತಪ್ಪು ಇಳಿಯಬೇಕಿತ್ತು, ಅಲ್ವಾ? ಪ್ರತಿ ಹಂತದಲ್ಲೂ ತೀರಾ ಸಣ್ಣದಾಗಬೇಕಿತ್ತು. ಇಲ್ಲಿ ಉಲ್ಟಾ, ಏರುತ್ತಾ ಇದೆ. ನನ್ನ ಪ್ರಕಾರ ಈ ಐದು ಸಾಲಿನಲ್ಲಿ ಕಲಿಯುವುದು ಬಹಳ ಇದೆ. ಅಂದಾಜು ಏರುತ್ತಿದೆ ಅಂದರೆ ಪ್ರೋಗ್ರಾಂ ಈಗಷ್ಟೇ ಶಿಖರದ ಬುಡದ ವಾಸನೆ ಹಿಡಿದಿದೆ, ಇನ್ನೂ ಮೇಲೆ ಹತ್ತಿಲ್ಲ ಅಂತ ಅರ್ಥ. ಮೊದಲಿನ ಅಂದಾಜುಗಳೆಲ್ಲ ಬರೀ ಸಂಖ್ಯೆಗಳು, ತಪ್ಪಿನ ಲೆಕ್ಕವಲ್ಲ.

ಹಾಗಾಗಿ ನೀವೇ ಬರೆದ ರಿಕರ್ಸಿವ್ ಸಿಂಪ್ಸನ್ ಇದ್ದರೆ ಒಂದು ಸಾಲು ಸೇರಿಸಿ ನೋಡಿ. ಎರಡೂ ಮಕ್ಕಳ ತುಂಡುಗಳ ಅಂದಾಜು ಕೂಡಿದರೆ ತಾಯಿ ತುಂಡಿನದಕ್ಕಿಂತ ಸುಮಾರು 16 ಪಟ್ಟು ಇಳಿಯುತ್ತಿದೆಯಾ ಅಂತ ಪ್ರಿಂಟ್ ಮಾಡಿ. ಇಳಿಯುತ್ತಿದ್ದರೆ 15ರ ಭಾಜಕಕ್ಕೆ ಬೆಲೆ ಇದೆ. ಇಳಿಯದಿದ್ದರೆ ಟಾಲರೆನ್ಸ್ ದಾಟಿದರೂ ಒಪ್ಪಿಕೊಳ್ಳಬೇಡಿ, ಇನ್ನೊಂದು ಹಂತ ಒಡೆಯಿರಿ. ಇದರಿಂದ ಆಗುವ ಹೆಚ್ಚುವರಿ ಖರ್ಚು ಪ್ರತಿ ತುಂಡಿಗೆ ನಾಲ್ಕು ಬಿಂದು.

ಒಮ್ಮೆ ಜಾಡು ಹಿಡಿದ ಮೇಲೆ ಈ ವಿಧಾನ ಚುರುಕಾಗಿ ಓಡುತ್ತದೆ. 16ರಿಂದ 0.0125ರ ಅಳತೆಗೆ ಇಳಿಯಲು ಸುಮಾರು ಹತ್ತು ಸಲ ಅರ್ಧ ಮಾಡಬೇಕು. ಒಂದೊಂದು ಹಂತಕ್ಕೆ ನಾಲ್ಕು ಬಿಂದು ಅಂದರೆ ನಲವತ್ತು ಬಿಂದುವಿನಲ್ಲಿ ಬುಡಕ್ಕೆ ಬಂದು ನಿಂತಿರುತ್ತದೆ. ಆಮೇಲೆ ಶಿಖರದ ಮೇಲಿನ ಕೆಲಸ. ಒಟ್ಟು ಕೆಲವು ನೂರು ಬಿಂದು. ಐದು ಸಾವಿರಕ್ಕೆ ಹೋಲಿಸಿದರೆ ಪರವಾಗಿಲ್ಲ.

ಆಳದ ಮಿತಿ ಅನ್ನುವ ಕಳ್ಳಗುಂಡಿ

ಮೇಲಿನ ಕೋಡಿನಲ್ಲಿ `or d == 0` ಅಂತ ಇದೆ. ರಿಕರ್ಷನ್ ಕೊನೆಯಿಲ್ಲದೆ ಓಡಬಾರದು ಅಂತ ಎಲ್ಲರೂ ಇದನ್ನು ಹಾಕುತ್ತಾರೆ. ಹಾಕಲೇಬೇಕು. ಟಾಲರೆನ್ಸ್ ಪ್ರತಿ ಹಂತದಲ್ಲೂ ಅರ್ಧವಾಗುತ್ತದೆ. ಮೂವತ್ತು ಹಂತ ಕೆಳಗೆ ಹೋದರೆ ನೂರು ಕೋಟಿಯಲ್ಲಿ ಒಂದು ಭಾಗ. ಅಷ್ಟು ಹೊತ್ತಿಗೆ ಕಂಪ್ಯೂಟರಿನ ರೌಂಡಿಂಗ್ ತಪ್ಪೇ ಅದಕ್ಕಿಂತ ದೊಡ್ಡದಿರಬಹುದು. ಆಗ ಎಷ್ಟು ಒಡೆದರೂ ಷರತ್ತು ಪೂರೈಸುವುದಿಲ್ಲ.

ಆದರೆ ಮಿತಿ ಮುಟ್ಟಿದಾಗ ಬಾಯಿ ಮುಚ್ಚಿಕೊಂಡು ಉತ್ತರ ಕೊಡುವುದು ತಪ್ಪು. ನಾನು ಒಮ್ಮೆ `d` ಅನ್ನು 8 ಅಂತ ಇಟ್ಟು ಮರೆತಿದ್ದೆ. 16ನ್ನು ಎಂಟು ಸಲ ಅರ್ಧ ಮಾಡಿದರೆ 0.0625, ಅಂದರೆ ಅರ್ಧ ಅಗಲದ ಐದು ಪಟ್ಟು. ಶಿಖರ ಪೂರ್ತಿ ಒಂದೇ ತುಂಡಿನ ಹೊಟ್ಟೆಯೊಳಗೆ ಕೂತುಬಿಡಬಹುದು. ಟಾಲರೆನ್ಸ್ ಎಷ್ಟು ಬಿಗಿ ಮಾಡಿದರೂ ಉತ್ತರ ಒಂದಿನಿತೂ ಅಲ್ಲಾಡುತ್ತಿರಲಿಲ್ಲ. "ಆಹಾ, ಎಷ್ಟು ಸ್ಥಿರ" ಅಂತ ಖುಷಿಪಟ್ಟದ್ದೂ ಆಯಿತು. ಟಾಲರೆನ್ಸ್ ಬದಲಿಸಿದರೂ ಉತ್ತರದ ಕೊನೆಯ ಅಂಕಿಯವರೆಗೂ ಏನೂ ಬದಲಾಗುತ್ತಿಲ್ಲ ಅಂದರೆ ಮೊದಲು ನೋಡಬೇಕಾದ್ದು ಈ ಮಿತಿಯನ್ನು. ಮಿತಿ ಮುಟ್ಟಿದ ತುಂಡುಗಳನ್ನು ಎಣಿಸಿ ಉತ್ತರದ ಜೊತೆಗೇ ಕೊಡಿ. ಎಣಿಕೆ ಸೊನ್ನೆ ಇರದಿದ್ದರೆ ಉತ್ತರವನ್ನು ನಂಬಬೇಡಿ.

ಗೌಸ್-ಕ್ರೋನ್‌ರಾಡ್: ಎರಡು ಬದಲಾವಣೆ

ಪೈಥಾನಿನಲ್ಲಿ `scipy.integrate.quad` ಅಂತ ಕರೆದರೆ ಒಳಗೆ ಓಡುವುದು 1983ರ QUADPACK. ಸಿಂಪ್ಸನ್‌ಗೂ ಇದಕ್ಕೂ ಎರಡು ಮುಖ್ಯ ವ್ಯತ್ಯಾಸ ಇದೆ.

ಮೊದಲನೆಯದು ಬಿಂದುಗಳು. ಒಂದು ತುಂಡಿನಲ್ಲಿ 21 ಬಿಂದು. ಅದರಲ್ಲಿ 10 ಬಿಂದು ಮಾತ್ರ ಬಳಸಿ ಗೌಸ್ ಉತ್ತರ, ಎಲ್ಲ 21 ಬಳಸಿ ಕ್ರೋನ್‌ರಾಡ್ ಉತ್ತರ. ಎರಡರ ವ್ಯತ್ಯಾಸದಿಂದ ತಪ್ಪಿನ ಅಂದಾಜು. ಉಪಾಯ ಅದೇ, ಆದರೆ ಇಪ್ಪತ್ತೊಂದು ಕಣ್ಣು.

ನಮ್ಮ ಉದಾಹರಣೆಯಲ್ಲಿ 0ಯಿಂದ 16ರ ಮೇಲೆ ಇಟ್ಟರೆ ಅದರ ಒಂದು ಬಿಂದು 6.809ರಲ್ಲಿ ಬೀಳುತ್ತದೆ. ಅದು ಶಿಖರದಿಂದ 0.139 ದೂರ. ಅಲ್ಲಿ ಫಂಕ್ಷನ್ 0.008. ಗೌಸ್ ಉತ್ತರ ಸುಮಾರು 0.019, ಕ್ರೋನ್‌ರಾಡ್ ಉತ್ತರ ಅದರ ಅರ್ಧದಷ್ಟು. ಎರಡೂ ತಪ್ಪೇ. ಆದರೆ ಎರಡಕ್ಕೂ ತಾಳಮೇಳ ಇಲ್ಲದ್ದರಿಂದ ಅಪಾಯ ತಕ್ಷಣ ಗೊತ್ತಾಗುತ್ತದೆ. 0.0001ರ ಟಾಲರೆನ್ಸಿನಲ್ಲಿ ಸಿಂಪ್ಸನ್ ಮೋಸ ಹೋಯಿತು, ಇದು ಹೋಗಲಿಲ್ಲ. ಇದರಲ್ಲಿ ಸ್ವಲ್ಪ ಅದೃಷ್ಟವೂ ಇದೆ. ನಡುವಿನ ಬಿಂದುಗಳ ಅಂತರ 1ಕ್ಕಿಂತ ಜಾಸ್ತಿ ಇರುವಾಗ 0.139 ಹತ್ತಿರಕ್ಕೆ ಒಂದು ಬಿಂದು ಬಿದ್ದದ್ದು ಲಾಟರಿಯೇ.

ಎರಡನೆಯ ವ್ಯತ್ಯಾಸ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಅದು ಯಾವ ತುಂಡನ್ನು ಮೊದಲು ಒಡೆಯುವುದು ಅನ್ನುವ ಪ್ರಶ್ನೆ. ರಿಕರ್ಸಿವ್ ಸಿಂಪ್ಸನ್ ಎಡಗಡೆಯಿಂದ ಶುರು ಮಾಡಿ, ಆ ತುಂಡನ್ನು ಪೂರ್ತಿ ಮುಗಿಸಿ, ಆಮೇಲೆ ಬಲಕ್ಕೆ ಬರುತ್ತದೆ. ಪ್ರತಿ ತುಂಡಿಗೂ ಮೊದಲೇ ಹಂಚಿಟ್ಟ ಟಾಲರೆನ್ಸ್. ಬಯಲಿನ ತುಂಡು ತನ್ನ ಪಾಲಿನ ಟಾಲರೆನ್ಸಿನಲ್ಲಿ ಒಂದು ಚೂರೂ ಖರ್ಚು ಮಾಡದಿದ್ದರೂ ಉಳಿಕೆಯನ್ನು ಶಿಖರದ ತುಂಡಿಗೆ ಕೊಡುವ ದಾರಿ ಇಲ್ಲ. ಮಧ್ಯದಲ್ಲಿ ಸಮಯ ಮುಗಿದು ನಿಲ್ಲಿಸಬೇಕಾಗಿ ಬಂದರೆ ಎಡಭಾಗ ಚಂದವಾಗಿ ಮುಗಿದಿರುತ್ತದೆ, ಬಲಭಾಗ ಮುಟ್ಟೇ ಇರುವುದಿಲ್ಲ.

QUADPACK ಎಲ್ಲ ತುಂಡುಗಳನ್ನೂ ಒಂದು ಪಟ್ಟಿಯಲ್ಲಿ ಇಟ್ಟುಕೊಂಡು, ಯಾವುದರಲ್ಲಿ ತಪ್ಪಿನ ಅಂದಾಜು ಅತಿ ಹೆಚ್ಚೋ ಅದನ್ನೇ ಒಡೆಯುತ್ತದೆ. ಎಲ್ಲದರ ತಪ್ಪು ಕೂಡಿ ಟಾಲರೆನ್ಸಿಗಿಂತ ಕಡಿಮೆ ಆದಾಗ ನಿಲ್ಲುತ್ತದೆ. ಒಂದೇ ಶಿಖರ ಇದ್ದಾಗ ಇದು ಹೇಳಿ ಮಾಡಿಸಿದ ಹಾಗಿದೆ. ಹೆಚ್ಚು ಕಡಿಮೆ ಪ್ರತಿ ಸಲವೂ ಶಿಖರ ಇರುವ ತುಂಡೇ ಪಟ್ಟಿಯ ಮೇಲೆ ಬರುತ್ತದೆ. ಎಲ್ಲಿ ನಿಲ್ಲಿಸಿದರೂ ಅಲ್ಲಿಯವರೆಗಿನ ಒಳ್ಳೆಯ ಉತ್ತರ ಮತ್ತು ಒಟ್ಟು ತಪ್ಪಿನ ಅಂದಾಜು ಎರಡೂ ಕೈಯಲ್ಲಿರುತ್ತವೆ. ರಿಲೇಟಿವ್ ಟಾಲರೆನ್ಸ್ ಕೂಡ ಇಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಒಟ್ಟು ಉತ್ತರ ಎಷ್ಟು ಅಂತ ಯಾವಾಗಲೂ ಗೊತ್ತಿರುತ್ತದೆ. ರಿಕರ್ಸಿವ್ ಸಿಂಪ್ಸನ್ನಿನಲ್ಲಿ ಮೊದಲ S1ನ್ನೇ ಅಳತೆಗೋಲು ಮಾಡಿಕೊಂಡರೆ 0.000956ರ ಪ್ರಮಾಣದಲ್ಲಿ ಟಾಲರೆನ್ಸ್ ಹಾಕುತ್ತೀರಿ. ನಿಜವಾದ ಉತ್ತರ ಅದರ 41 ಪಟ್ಟು. ಬೇಡದ ಕೆಲಸ ಬಹಳ ಆಗುತ್ತದೆ.

ಖರ್ಚಿನ ವಿಷಯಕ್ಕೆ ಬಂದರೆ, ಇಲ್ಲಿ ಒಂದು ಸಲ ಒಡೆಯಲು 42 ಹೊಸ ಬಿಂದು ಬೇಕು. ತುಂಡು 0.05ರ ಹತ್ತಿರ ಬಂದರೆ 21 ಬಿಂದು ಶಿಖರವನ್ನು ಚೆನ್ನಾಗಿ ಹಿಡಿಯುತ್ತವೆ. ಅಲ್ಲಿಗೆ ಇಳಿಯಲು ಎಂಟೊಂಬತ್ತು ಸಲ ಒಡೆಯಬೇಕು. ಒಂಬತ್ತು ಅಂದರೆ 21 ಕೂಡಿಸು 9 ಸಲ 42, ಒಟ್ಟು 399. ಶಿಖರ ಎರಡು ತುಂಡಿನ ಗಡಿಯಲ್ಲಿ ಬಿದ್ದರೆ ಇನ್ನೊಂದೆರಡು ಸಲ ಜಾಸ್ತಿ. ಅಂದರೆ ಸಾಧಾರಣ ನಿಖರತೆಗೆ ಸಿಂಪ್ಸನ್‌ಗಿಂತ ಇದೇನೂ ಅಗ್ಗವಲ್ಲ. ಇದು ಎಷ್ಟೋ ಜನರಿಗೆ ಆಶ್ಚರ್ಯ.

ನಿಖರತೆ ಹೆಚ್ಚು ಕೇಳಿದಾಗ ಆಟ ಬದಲಾಗುತ್ತದೆ. ಸಿಂಪ್ಸನ್ನಿನಲ್ಲಿ ತಪ್ಪನ್ನು ಹತ್ತು ಸಾವಿರ ಪಟ್ಟು ಇಳಿಸಬೇಕಾದರೆ ಬಿಂದುಗಳು ಹತ್ತು ಪಟ್ಟು ಆಗುತ್ತವೆ. ಗೌಸ್-ಕ್ರೋನ್‌ರಾಡಿಗೆ ಶಿಖರದ ಹತ್ತಿರ ಇನ್ನು ಕೆಲವು ಸಲ ಒಡೆದರೆ ಸಾಕು. ಆರು ಅಂಕಿ ಸಾಕಿದ್ದರೆ ಸಿಂಪ್ಸನ್ ಸಾಕು. ಹತ್ತು ಹನ್ನೆರಡು ಅಂಕಿ ಬೇಕಿದ್ದರೆ ಗೌಸ್-ಕ್ರೋನ್‌ರಾಡ್ ಬಿಟ್ಟು ಬೇರೆ ನೋಡಬೇಡಿ.

ಬಾಲ ಇಲ್ಲದ ಶಿಖರ

ಇಲ್ಲಿಯವರೆಗಿನ ಶಿಖರಕ್ಕೆ ಉದ್ದ ಬಾಲ ಇತ್ತು. ದೂರ ಹೋದರೂ ಫಂಕ್ಷನ್ ಪೂರ್ತಿ ಸೊನ್ನೆ ಆಗುತ್ತಿರಲಿಲ್ಲ. ಆ ಬಾಲ ಹಿಡಿದೇ ವಿಧಾನಗಳು ಶಿಖರ ಹುಡುಕಿದ್ದು. ಈಗ ಅದೇ ಜಾಗದಲ್ಲಿ ಗಾಸಿಯನ್ ಇಡಿ:

```python
from math import exp
from scipy.integrate import quad

def q(E):
    return exp(-((E - 6.67)/0.0125)**2)

quad(q, 0, 16)
```

ಇದರ ನಿಜವಾದ ಉತ್ತರ 0.0125 ಗುಣಿಸು ಪೈನ ವರ್ಗಮೂಲ, ಅಂದರೆ 0.022156. ಇಲ್ಲಿ 0.0125ನ್ನೇ ಒಂದು ಅಗಲ ಅಂದುಕೊಂಡರೆ, ಸಿಂಪ್ಸನ್ನಿನ ಐದು ಬಿಂದುಗಳಲ್ಲಿ ಹತ್ತಿರದ್ದು 106 ಅಗಲ ದೂರ. ಅಲ್ಲಿ ಬೆಲೆ ಎಷ್ಟು ಚಿಕ್ಕದು ಅಂದರೆ ಕಂಪ್ಯೂಟರು ಅದನ್ನು ಸೊನ್ನೆ ಎಂದೇ ಇಟ್ಟುಕೊಳ್ಳುತ್ತದೆ. ಐದೂ ಸೊನ್ನೆ. S1 ಸೊನ್ನೆ, S2 ಸೊನ್ನೆ, ತಪ್ಪಿನ ಅಂದಾಜೂ ಸೊನ್ನೆ. ಟಾಲರೆನ್ಸ್ ಎಷ್ಟೇ ಬಿಗಿ ಮಾಡಿದರೂ ಉತ್ತರ ಸೊನ್ನೆಯೇ.

ಗೌಸ್-ಕ್ರೋನ್‌ರಾಡ್ ಕಥೆಯೂ ಅದೇ. ಅದೃಷ್ಟದ ಆ 6.809ರ ಬಿಂದು ಶಿಖರದಿಂದ 11 ಅಗಲ ದೂರ. ಬಾಲ ಇದ್ದಾಗ ಅಷ್ಟು ದೂರದಿಂದ 0.008 ಕಂಡಿತ್ತು. ಈಗ ಕಾಣುವುದು ದಶಾಂಶ ಬಿಂದುವಿನ ಆಚೆ ಐವತ್ತಕ್ಕೂ ಹೆಚ್ಚು ಸೊನ್ನೆ ದಾಟಿದ ಮೇಲೆ ಬರುವ ಅಂಕಿ. `quad` 21 ಬಿಂದು ನೋಡಿ, ಕೆಲಸ ಮುಗಿಯಿತು ಅಂತ ಹೆಚ್ಚು ಕಡಿಮೆ ಸೊನ್ನೆಯನ್ನೇ ಕೊಟ್ಟು ಕೂರುತ್ತದೆ.

ಆದ್ದರಿಂದ ಸಿಂಪ್ಸನ್ನೋ ಗೌಸ್-ಕ್ರೋನ್‌ರಾಡೋ ಅನ್ನುವುದು ಎರಡನೇ ಪ್ರಶ್ನೆ. ಶಿಖರ ಎಲ್ಲಿದೆ ಅಂತ ವಿಧಾನಕ್ಕೆ ಹೇಳಿದ್ದೀರಾ ಇಲ್ಲವಾ ಅನ್ನುವುದು ಮೊದಲನೇ ಪ್ರಶ್ನೆ.

ಜಾಗ ಗೊತ್ತಿದ್ದರೆ

ಗೊತ್ತಿದ್ದರೆ ಕೆಲಸ ಬಹಳ ಸುಲಭ. 6.67ರಲ್ಲಿ ನೀವೇ ಒಡೆದುಬಿಡಿ. 0ಯಿಂದ 6.67 ಒಂದು, 6.67ರಿಂದ 16 ಇನ್ನೊಂದು. ಸಿಂಪ್ಸನ್ ತುದಿಗಳನ್ನು ನೋಡಿಯೇ ನೋಡುತ್ತದೆ, ಹಾಗಾಗಿ ಮೊದಲ ಬಿಂದುವಿನಲ್ಲೇ ಎತ್ತರ 1 ಸಿಗುತ್ತದೆ. ಎಡ ತುಂಡಿನಲ್ಲಿ S1 1.11 ಬರುತ್ತದೆ, S2 ಅದರ ಅರ್ಧ. ತಪ್ಪಿನ ಅಂದಾಜು 0.037. ಇದನ್ನು ಒಪ್ಪುವ ಟಾಲರೆನ್ಸನ್ನು ಯಾರೂ ಇಡುವುದಿಲ್ಲ. ಈ ಸಲ ಅಂದಾಜು ಮೊದಲಿಂದಲೇ ದೊಡ್ಡದಿದ್ದು ಹಂತ ಹಂತವಾಗಿ ಇಳಿಯುತ್ತದೆ, ಏರುವುದಿಲ್ಲ. ಗಾಸಿಯನ್ನಿಗೂ ಇದೇ ಮದ್ದು ನಾಟುತ್ತದೆ.

`quad`ನಲ್ಲಿ ಇದಕ್ಕೆ `points` ಇದೆ:

```python
quad(q, 0, 16, points=[6.67])
```

ಗೌಸ್-ಕ್ರೋನ್‌ರಾಡ್ ತುದಿಯನ್ನು ಮುಟ್ಟುವುದಿಲ್ಲ. ಆದರೆ ಅದರ ಬಿಂದುಗಳು ತುದಿಯ ಹತ್ತಿರ ಒತ್ತೊತ್ತಾಗಿ ಇರುತ್ತವೆ. ಎಡ ತುಂಡಿನ ಕೊನೆಯ ಬಿಂದು 6.67ರಿಂದ 0.0145 ದೂರ ಅಷ್ಟೇ, ಶಿಖರದ ಮೇಲೆಯೇ. ಶಿಖರ ಇನ್ನೂ ಹತ್ತು ಪಟ್ಟು ತೆಳು ಇದ್ದಿದ್ದರೆ ಆ ಬಿಂದುವೂ ಹೊರಗೆ ಬೀಳುತ್ತಿತ್ತು. ಅದಕ್ಕೆ ನಾನು ಒಂದೇ ಬಿಂದು ಕೊಡುವುದಿಲ್ಲ. ಶಿಖರದ ಎರಡೂ ಪಕ್ಕ ನಾಲ್ಕೈದು ಅಗಲ ದೂರದಲ್ಲಿ ಇನ್ನೆರಡು ಸೇರಿಸುತ್ತೇನೆ: `points=[6.61, 6.67, 6.73]`. ವ್ಯಾಪ್ತಿಯ ತುದಿ ಅನಂತ ಇದ್ದರೆ `points` ನಡೆಯುವುದಿಲ್ಲ, ಆಗ ಕೈಯಿಂದಲೇ ತುಂಡು ಮಾಡಬೇಕು.

ಬಾಲ ಇರುವ ಶಿಖರಕ್ಕೆ ಇದಕ್ಕಿಂತ ಚಂದದ ದಾರಿಯೊಂದಿದೆ. E ಬದಲು t ಅನ್ನುವ ಹೊಸ ವೇರಿಯಬಲ್ ತೆಗೆದುಕೊಳ್ಳಿ: `E = 6.67 + g*sinh(t)`. ಶಿಖರದ ಹತ್ತಿರ ಇದು ಜಾಗವನ್ನು ಹಿಗ್ಗಿಸುತ್ತದೆ, ದೂರದಲ್ಲಿ ಕುಗ್ಗಿಸುತ್ತದೆ. ಕೆಳಗಿನ ಭಾಗದ `1 + sinh²` ಅನ್ನುವುದು `cosh²` ಆಗುತ್ತದೆ. dE ಇಂದ ಬರುವ ಒಂದು `cosh` ಅದರಲ್ಲಿ ಒಂದನ್ನು ಹೊಡೆದು ಹಾಕುತ್ತದೆ. ಉಳಿಯುವುದು `g/cosh(t)` ಮಾತ್ರ. ವ್ಯಾಪ್ತಿ ಸುಮಾರು −6.97ರಿಂದ 7.31. ಹದಿನಾಲ್ಕು ಅಗಲದ ಬಯಲಿನಲ್ಲಿ ಎರಡು ಮೂರು ಅಗಲದ ಒಂದು ಮೆತ್ತನೆಯ ದಿಬ್ಬ, ಅಷ್ಟೇ! ಇದರ ಮೇಲೆ ಯಾವ ವಿಧಾನ ಓಡಿಸಿದರೂ ಮೊದಲ ನಡುಬಿಂದುವೇ ದಿಬ್ಬದ ನೆತ್ತಿಯ ಪಕ್ಕದಲ್ಲಿ ಬೀಳುತ್ತದೆ. ಶಿಖರದ ಅಗಲ ಬದಲಾಗುತ್ತಿರುವಾಗ ಇದೇ ಲೆಕ್ಕವನ್ನು ಸಾವಿರ ಸಲ ಮಾಡಬೇಕಿದ್ದರೆ ನನ್ನ ಆಯ್ಕೆ ಇದೇ. ಇಂಧನ ಬಿಸಿಯಾದರೆ ಯುರೇನಿಯಂ ಶಿಖರ ತಗ್ಗಿ ಅಗಲವಾಗುತ್ತದೆ, ಆಕಾರವೂ ಬದಲಾಗುತ್ತದೆ. ಆಗ `g/cosh(t)` ಅಷ್ಟು ಚೊಕ್ಕವಾಗಿ ಬರುವುದಿಲ್ಲ. ಆದರೂ ಬದಲಾವಣೆ ಕೆಲಸ ಮಾಡುತ್ತದೆ, ಯಾಕೆಂದರೆ ಅದಕ್ಕೆ ಬೇಕಾದ್ದು ಶಿಖರದ ಜಾಗ ಮತ್ತು ಅಗಲದ ಒಂದು ಅಂದಾಜು ಮಾತ್ರ.

ಜಾಗ ಗೊತ್ತಿಲ್ಲದಿದ್ದರೆ

ಇಲ್ಲಿ ಕಷ್ಟ ಇದೆ. ಎತ್ತರ ಮತ್ತು ಅಗಲದ ಅಂದಾಜು ಇದ್ದರೆ ಮೊದಲು ಬಾಯಿಲೆಕ್ಕ ಮಾಡಿ. ಬಾಲ ಇರುವ ಶಿಖರಕ್ಕೆ ವಿಸ್ತೀರ್ಣ ಹೆಚ್ಚು ಕಡಿಮೆ ಪೈ ಗುಣಿಸು ಎತ್ತರ ಗುಣಿಸು ಅರ್ಧ ಅಗಲ. ನಮ್ಮದರಲ್ಲಿ 0.0393. ಪ್ರೋಗ್ರಾಂ 0.00035 ಕೊಟ್ಟರೆ ಅಲ್ಲೇ ಸಿಕ್ಕಿಬೀಳುತ್ತದೆ.

ಅದೂ ಗೊತ್ತಿಲ್ಲ ಅಂದರೆ, ವ್ಯಾಪ್ತಿಯನ್ನು ಅರ್ಧಕ್ಕೆ ಸೇರದ ಯಾವುದೋ ಒಂದು ಜಾಗದಲ್ಲಿ ಒಡೆದು ಎರಡನೇ ಸಲ ಓಡಿಸಿ. ನಾನು 5.9ರಲ್ಲಿ ಒಡೆದು, 0.0001ರ ಟಾಲರೆನ್ಸನ್ನು ಎರಡಕ್ಕೂ ಹಂಚಿ ರಿಕರ್ಸಿವ್ ಸಿಂಪ್ಸನ್ ಲೆಕ್ಕ ಹಾಕಿದೆ. ಎಡಕ್ಕೆ 0.00021, ಬಲಕ್ಕೆ 0.00041, ಒಟ್ಟು 0.00062. ಈ ಸಲವೂ ಎರಡೂ ತುಂಡು ಐದೈದು ಬಿಂದುವಿನಲ್ಲೇ ನಿಂತವು, ಶಿಖರ ಈ ಸಲವೂ ಸಿಗಲಿಲ್ಲ. ಆದರೆ ಮೊದಲು ಬಂದದ್ದು 0.00035. ಎರಡರ ನಡುವೆ 0.00027 ವ್ಯತ್ಯಾಸ. ಪ್ರೋಗ್ರಾಂ ಹೇಳಿಕೊಂಡ ತಪ್ಪು 0.00004. ಒಂದೇ ಫಂಕ್ಷನ್, ಒಂದೇ ವ್ಯಾಪ್ತಿ, ಹೇಳಿಕೊಂಡ ತಪ್ಪಿಗಿಂತ ಏಳು ಪಟ್ಟು ದೂರದ ಎರಡು ಉತ್ತರ. ಎಲ್ಲೋ ಏನೋ ಕಾಣದೆ ಉಳಿದಿದೆ ಅಂತ ತಿಳಿಯಲು ಇಷ್ಟು ಸಾಕು.

ಗಾಸಿಯನ್ನಿಗೆ ಈ ಪರೀಕ್ಷೆಯೂ ನಡೆಯುವುದಿಲ್ಲ. 5.9ರಲ್ಲಿ ಒಡೆದರೂ ಸೊನ್ನೆ, ಒಡೆಯದಿದ್ದರೂ ಸೊನ್ನೆ, ಎರಡೂ ಚೆನ್ನಾಗಿ ತಾಳೆಯಾಗುತ್ತವೆ. ಅಲ್ಲಿ ಉಳಿಯುವುದು ಮೊದಲು ಬದಿಗಿಟ್ಟ ಒಂದೇ ಅಂತರದ ಸಾಲು. ಶಿಖರ ಇದಕ್ಕಿಂತ ತೆಳು ಇರಲಾರದು ಅನ್ನುವ ಒಂದು ಅಗಲ ಇಟ್ಟುಕೊಳ್ಳಿ. 0.0125 ಅಂದರೆ 16ರ ವ್ಯಾಪ್ತಿಗೆ 1280 ತುಂಡು. ಅಷ್ಟು ಬಿಂದುಗಳಲ್ಲಿ ಬೆಲೆ ನೋಡಿ, ಎಲ್ಲಿ ದೊಡ್ಡದು ಕಂಡಿತೋ ಆ ಜಾಗವನ್ನು `points`ಗೆ ಕೊಟ್ಟು `quad` ಓಡಿಸಿ. ಫಂಕ್ಷನ್ ಭಾರದ್ದಾಗಿದ್ದರೆ ಸಮಯ ಹೋಗುವುದು ಈ ಹುಡುಕಾಟಕ್ಕೇ.